ಕೆಲಸದ ಸಂದರ್ಶನದಲ್ಲಿ ಇನ್ನೆಷ್ಟು ರೌಂಡ್, ಯಾವುದರಲ್ಲಿ ಏನು ನೋಡುತ್ತಾರೆ: ಪುಣೆಯ ಒಂದು ಪ್ರಕರಣ

ಫೆಬ್ರವರಿಯ ಒಂದು ಶನಿವಾರ ಸಂಜೆ ಅವನು ನಮ್ಮ ಮನೆಗೆ ಬಂದ. ಚಹಾ ಮುಟ್ಟುವ ಮೊದಲೇ ಹೇಳಿದ: "ಅಕ್ಕಾರ, ಕಡೀ ರೌಂಡು ಬರೇ ಫಾರ್ಮಾಲಿಟಿ ಅಂತ ಹೇಳಿದ್ರು. ಅದರಾಗ ಹೊಡತಾ ಬಿತ್ತು."

ನಾನು ಪುಣೆಯಲ್ಲಿ ಒಂಬತ್ತು ವರ್ಷ ನೇಮಕಾತಿಯ ಕೆಲಸ ಮಾಡಿದವಳು. ಮೊದಲ ಮೂರು ವರ್ಷ ಕನ್ಸಲ್ಟೆನ್ಸಿಯಲ್ಲಿ, ಆಮೇಲೆ ಸಾಫ್ಟ್‌ವೇರ್ ಕಂಪನಿಗಳ ಒಳಗೇ. ಉತ್ತರ ಕರ್ನಾಟಕದಿಂದ ಇಲ್ಲಿಗೆ ಬಂದ ಹುಡುಗ ಹುಡುಗಿಯರು ಆಗಾಗ ರೆಸ್ಯೂಮೆ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅವರ ಪೈಕಿ ಒಬ್ಬನ ಕಥೆಯನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ದಿನಗಳನ್ನೂ ಕೆಲವು ಅಂಕಿಗಳನ್ನೂ ಬದಲಿಸಿದ್ದೇನೆ. ಅವನು ನನ್ನನ್ನು ಅಕ್ಕಾರ ಎನ್ನುತ್ತಾನೆ, ಹಾಗಾಗಿ ಇಲ್ಲಿ ಅವನು ನನ್ನ ತಮ್ಮ.

ಹಿನ್ನೆಲೆ

ತಮ್ಮ ವಿಜಯಪುರ ಜಿಲ್ಲೆಯವನು. ಎಂಜಿನಿಯರಿಂಗ್ ಮುಗಿಸಿ ಹಿಂಜವಡಿಯ ಒಂದು ಸರ್ವಿಸ್ ಕಂಪನಿ ಸೇರಿ ಆರು ವರ್ಷವಾಗಿತ್ತು. ಜಾವಾದಲ್ಲಿ ಬ್ಯಾಕೆಂಡ್ ಕೆಲಸ, ವರ್ಷಕ್ಕೆ 11 ಲಕ್ಷ ಸಂಬಳ, 90 ದಿನದ ನೋಟಿಸ್ ಪೀರಿಯಡ್. ವಾಕಡ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಬಾಡಿಗೆ ಮನೆ. ಪುಣೆಯ ರೂಢಿಯಂತೆ ಹನ್ನೊಂದು ತಿಂಗಳ ಕರಾರು, ಅದು ಮೇ ಕೊನೆಗೆ ಮುಗಿಯುವುದರಲ್ಲಿತ್ತು.

ಈ ಕರಾರಿಗೆ ಕಥೆಯಲ್ಲಿ ಕೆಲಸವಿದೆ. ಖರಾಡಿಯಲ್ಲಿ ನೌಕರಿ ಸಿಕ್ಕರೆ ವಾಕಡ್‌ನಲ್ಲಿ ಉಳಿಯುವಂತಿಲ್ಲ. ಖರಾಡಿ ಊರಿನ ಪೂರ್ವದ ತುದಿ, ವಾಕಡ್ ಪಶ್ಚಿಮದ ತುದಿ, ನಡುವೆ ಇಡೀ ಪುಣೆ. ಬಾಣೇರ್‌ನಲ್ಲಿ ಸಿಕ್ಕರೆ ಇರುವ ಮನೆಯೇ ಸಾಕು. ಮನೆ ಬಿಡುವುದಾದರೆ ಮಾಲೀಕರಿಗೆ ಒಂದು ತಿಂಗಳು ಮುಂಚೆ ಹೇಳಬೇಕು. ಹೀಗಾಗಿ "ಇನ್ನೆಷ್ಟು ರೌಂಡ್" ಎಂಬುದು ಅವನಿಗೆ ಕುತೂಹಲದ ಮಾತಾಗಿರಲಿಲ್ಲ. ರಜೆ, ಮನೆ, ರಾಜೀನಾಮೆ ಪತ್ರದ ತಾರೀಖು ಎಲ್ಲವೂ ಅದಕ್ಕೇ ಕಟ್ಟಿಕೊಂಡಿದ್ದವು.

ಮೊದಲ ಕಂಪನಿಯಲ್ಲಿ ಆದದ್ದು

ಖರಾಡಿಯ ಒಂದು ಪ್ರಾಡಕ್ಟ್ ಕಂಪನಿಗೆ ಕನ್ಸಲ್ಟೆನ್ಸಿಯವರೊಬ್ಬರು ಅವನ ರೆಸ್ಯೂಮೆ ಕಳಿಸಿದ್ದರು. ಮೊದಲ ಫೋನಿನಲ್ಲೇ ಅವರು ಹೇಳಿದ್ದು ಇಷ್ಟು: "ಮೂರು ರೌಂಡ್, ಆಮೇಲೆ ಎಚ್‌ಆರ್." ತಮ್ಮ ಅದನ್ನು ಡೈರಿಯಲ್ಲಿ ಬರೆದುಕೊಂಡ, ಮತ್ತೇನೂ ಕೇಳಲಿಲ್ಲ.

ಮೊದಲು ಆನ್‌ಲೈನ್ ಕೋಡಿಂಗ್ ಪರೀಕ್ಷೆ, ನಂತರ ಡೇಟಾ ಸ್ಟ್ರಕ್ಚರ್ ಮೇಲೆ ಒಂದು ತಾಂತ್ರಿಕ ರೌಂಡ್, ಆಮೇಲೆ ಕ್ಲಾಸ್‌ಗಳನ್ನು ಹೇಗೆ ಜೋಡಿಸುತ್ತೀರಿ ಎನ್ನುವ ಇನ್ನೊಂದು. ಮೂರೂ ಚೆನ್ನಾಗಿ ಹೋದವು. ಲೆಕ್ಕದ ಪ್ರಕಾರ ಅಲ್ಲಿಗೆ ಮುಗಿಯಿತು. ನಾಲ್ಕು ದಿನ ಬಿಟ್ಟು ಕನ್ಸಲ್ಟೆನ್ಸಿಯಿಂದ ಫೋನು: "ಆರ್ಕಿಟೆಕ್ಟ್ ಜೊತೆ ಒಂದು ಸಣ್ಣ ಮಾತುಕತೆ, 45 ನಿಮಿಷ, ಬರೀ ಫಾರ್ಮಾಲಿಟಿ."

ಆ ನಾಲ್ಕು ದಿನವನ್ನು ತಮ್ಮ ಸಂಬಳದ ಲೆಕ್ಕದಲ್ಲಿ ಕಳೆದಿದ್ದ. ಎಷ್ಟು ಕೇಳಬೇಕು, ನೋಟಿಸ್ ಹೇಗೆ ಕಡಿಮೆ ಮಾಡಿಸಬೇಕು, ಖರಾಡಿಯಲ್ಲಿ ಬಾಡಿಗೆ ಎಷ್ಟಿದೆ ಎಂದು. ಮಾತುಕತೆಗೆ ಕೂತರೆ ಆರ್ಕಿಟೆಕ್ಟ್ ಕೇಳಿದ ಮೊದಲ ಪ್ರಶ್ನೆ: ಒಂದು ಕೂಪನ್ ಕೋಡ್ ಮೊದಲ ಹತ್ತು ಸಾವಿರ ಜನಕ್ಕೆ ಮಾತ್ರ, ಒಂದೇ ನಿಮಿಷದಲ್ಲಿ ಲಕ್ಷ ಜನ ಬಂದರೆ ಮಿತಿ ದಾಟದಂತೆ ಹೇಗೆ ಕಟ್ಟುತ್ತೀರಿ?

ಇದು ಸಿಸ್ಟಂ ಡಿಸೈನ್ ರೌಂಡ್. ಇದಕ್ಕೆ ಒಂದೇ ಸರಿಯುತ್ತರ ಇರುವುದಿಲ್ಲ. ಉತ್ತರಕ್ಕೆ ಇಳಿಯುವ ಮುಂಚೆ ನೀವು ಏನೇನು ಕೇಳುತ್ತೀರಿ, ಎಣಿಕೆ ಎಲ್ಲಿ ಇಡುತ್ತೀರಿ, ಒಂದು ಯಂತ್ರ ನಡುವೆ ನಿಂತುಹೋದರೆ ಎಣಿಕೆ ಏನಾಗುತ್ತದೆ ಎಂಬುದನ್ನೆಲ್ಲ ಬಾಯಿಬಿಟ್ಟು ಯೋಚಿಸಿ ತೋರಿಸಬೇಕು. ತಮ್ಮ ನೇರವಾಗಿ ಟೇಬಲ್ ಮತ್ತು ಕ್ಲಾಸ್ ಬರೆಯತೊಡಗಿದ. ಹಿಂದಿನ ರೌಂಡ್‌ನಲ್ಲಿ ಅದೇ ನಡೆದಿತ್ತು, ಕೈ ಅದೇ ದಾರಿ ಹಿಡಿಯಿತು. ಇಪ್ಪತ್ತನೇ ನಿಮಿಷಕ್ಕೆ ಆರ್ಕಿಟೆಕ್ಟ್ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರಂತೆ. ಎದುರಿನವರು ಕೆದಕುವುದನ್ನು ಬಿಟ್ಟರೆ ಅದು ಒಳ್ಳೆಯ ಲಕ್ಷಣವಲ್ಲ. ಅವನಿಗೂ ಅಲ್ಲಿಯೇ ತಿಳಿಯಿತು.

ಕನ್ಸಲ್ಟೆನ್ಸಿಯವರು ಸುಳ್ಳು ಹೇಳಿದರು ಎಂದು ಅವನಿಗೆ ಸಿಟ್ಟಿತ್ತು. ನನಗೆ ಹಾಗೆ ಅನ್ನಿಸಲಿಲ್ಲ, ಆ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ. ಅಲ್ಲಿ ಕೂತವರ ಕೈಯಲ್ಲಿ ಇರುವುದು ಕಂಪನಿ ಕಳಿಸಿದ ಕೆಲಸದ ವಿವರ ಮತ್ತು ಒಂದು ಸಾಲಿನ ಪ್ರಕ್ರಿಯೆ. ಕಂಪನಿಯ ಒಳಗೆ ಯಾವ ರೌಂಡ್‌ನಲ್ಲಿ ಏನು ತೂಗುತ್ತಾರೆ ಎಂಬುದು ಅವರಿಗೆ ಬಹಳ ಸಲ ಗೊತ್ತಿರುವುದೇ ಇಲ್ಲ. ಅವರಿಗೆ ದುಡ್ಡು ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳ, ಈ ವ್ಯಾಪಾರದಲ್ಲಿ ಬಹಳ ಕಡೆ ನಡೆಯುವ ದರ. ಹಾಗಾಗಿ ಅಭ್ಯರ್ಥಿ ನಡುವೆ ಬೇಸತ್ತು ಬಿಡಬಾರದು ಎಂಬುದೇ ಅವರ ಚಿಂತೆ. "ಇದೇ ಕೊನೆ", "ಬರೀ ಫಾರ್ಮಾಲಿಟಿ" ಎಂಬ ಮಾತು ಆ ಚಿಂತೆಯಿಂದ ಹುಟ್ಟುತ್ತದೆ. ಅದನ್ನು ಮಾಹಿತಿ ಎಂದುಕೊಂಡದ್ದೇ ತಮ್ಮನ ತಪ್ಪು.

ಇನ್ನೊಂದು ಗೊಂದಲ ಎಣಿಕೆಯದೇ. ನೇಮಕಾತಿಯವರು "ರೌಂಡ್" ಎಂದಾಗ ಬಹಳ ಸಲ ತಾಂತ್ರಿಕ ರೌಂಡ್‌ಗಳನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಮ್ಯಾನೇಜರ್ ಜೊತೆಗಿನದು "ಡಿಸ್ಕಷನ್", ಡೈರೆಕ್ಟರ್ ಜೊತೆಗಿನದು "ಚಾಟ್", ಎಚ್‌ಆರ್‌ನದು "ಕಾಲ್". ಅಭ್ಯರ್ಥಿಯ ಲೆಕ್ಕದಲ್ಲಿ ಇವೆಲ್ಲವೂ ರೌಂಡ್‌ಗಳೇ, ಯಾವುದರಲ್ಲಿ ಬೇಕಾದರೂ ಹೊರಬೀಳಬಹುದು. "ಮೂರು" ಎಂದವರು ಮತ್ತು "ಮೂರು" ಎಂದು ಬರೆದುಕೊಂಡವನು ಬೇರೆ ಬೇರೆ ವಸ್ತು ಎಣಿಸುತ್ತಿದ್ದರು.

ಎರಡನೆಯ ಕಂಪನಿ, ಮೊದಲ ಪ್ರಯತ್ನ

ಮಾರ್ಚ್‌ನಲ್ಲಿ ಬಾಣೇರ್‌ನ ಒಂದು ಕಂಪನಿಯಿಂದ ಕರೆ ಬಂತು. ಇಲ್ಲಿ ಮಧ್ಯೆ ಕನ್ಸಲ್ಟೆನ್ಸಿ ಇರಲಿಲ್ಲ, ಕಂಪನಿಯ ನೇಮಕಾತಿ ವಿಭಾಗದ ಹೆಣ್ಣುಮಗಳೊಬ್ಬರು ನೇರವಾಗಿ ಮಾತಾಡಿದರು. ಆನ್‌ಲೈನ್ ಪರೀಕ್ಷೆಯೂ ಒಂದು ತಾಂತ್ರಿಕ ರೌಂಡೂ ಮುಗಿದವು. ಈ ಸಲ ತಮ್ಮ ಸುಮ್ಮನಿರಲಿಲ್ಲ. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದ: ಇನ್ನೆಷ್ಟು ರೌಂಡ್ ಇವೆ ಮೇಡಂ?

ಉತ್ತರ ಬೆಳಿಗ್ಗೆ ಬಂತು: "2-3 ರೌಂಡ್ ಸರ್, ಅಪ್‌ಡೇಟ್ ಮಾಡುತ್ತೇನೆ."

ಅದನ್ನು ನನಗೆ ಫಾರ್ವರ್ಡ್ ಮಾಡಿ ಕೇಳಿದ: "ಕೇಳೀನ್ರಿ ಅಕ್ಕಾರ. ಇದರಿಂದ ನಾ ಏನ್ ಓದಲಿ?"

ಏನೂ ಓದಲಿಕ್ಕೆ ಆಗದು, ನಿಜ. ಆದರೆ ಆಕೆ ಅಂಥ ಉತ್ತರ ಕೊಟ್ಟದ್ದಕ್ಕೆ ಕಾರಣವಿದೆ. ಬರಿಯ ಸಂಖ್ಯೆ ಕೇಳಿದರೆ ನೇಮಕಾತಿಯವರಿಗೆ ಅಪಾಯ ಕಾಣಿಸುತ್ತದೆ. ಎರಡು ಎಂದು ಹೇಳಿ ಮೂರಾದರೆ ಅಭ್ಯರ್ಥಿ ಜಗಳಕ್ಕೆ ಬರುತ್ತಾನೆ, ಮೂರು ಎಂದರೆ ಈಗಲೇ ಬಿಟ್ಟುಹೋಗಬಹುದು. ಹಾಗಾಗಿ ಎರಡೂ ಕಡೆ ಜಾಗ ಬಿಟ್ಟು ಹೇಳುತ್ತಾರೆ. ಮೇಲಾಗಿ ರಾತ್ರಿಯ ವಾಟ್ಸಾಪ್ ಸಂದೇಶಕ್ಕೆ ಯಾರೂ ಕಂಪ್ಯೂಟರ್ ತೆರೆದು ನೋಡಿ ಉತ್ತರಿಸುವುದಿಲ್ಲ. ನಿಜವಾದ ಉತ್ತರ ಇರುವುದು ಅವರ ನೇಮಕಾತಿ ತಂತ್ರಾಂಶದಲ್ಲಿ. ಅಲ್ಲಿ ಆ ಹುದ್ದೆಗೆ ಹಂತಗಳ ಪಟ್ಟಿ ಇರುತ್ತದೆ, ಪ್ರತಿ ಹಂತಕ್ಕೂ ಸಂದರ್ಶಕರು ತುಂಬಬೇಕಾದ ಫಾರ್ಮ್ ಇರುತ್ತದೆ, ಫಾರ್ಮ್‌ನಲ್ಲಿ ಇಂತಿಂಥದ್ದಕ್ಕೆ ಅಂಕ ಎಂದು ತಲೆಬರಹಗಳಿರುತ್ತವೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಆ ತಲೆಬರಹಗಳನ್ನು ಅಭ್ಯರ್ಥಿಗೆ ಹೇಳಲು ಅಡ್ಡಿಯಿರಲಿಲ್ಲ. ಪ್ರಶ್ನೆಗಳನ್ನು ಮಾತ್ರ ಹೇಳುವಂತಿಲ್ಲ. ಹೇಳಬಹುದಾದದ್ದು ಕೈಯಳತೆಯಲ್ಲಿದ್ದರೂ ಅದನ್ನು ತೆಗೆದು ನೋಡುವಂತೆ ಕೇಳುವವರು ಕಡಿಮೆ.

ಎರಡನೆಯ ಪ್ರಯತ್ನ

ಎರಡು ದಿನ ಬಿಟ್ಟು ಆಕೆಯೇ ಫೋನ್ ಮಾಡಿದರು. ಮುಂದಿನ ರೌಂಡ್ ಮುಂದಿನ ಗುರುವಾರ ಸಂಜೆ ಐದಕ್ಕೆ ಆಗಬಹುದೇ? ತಮ್ಮ "ಸಂಜೆಯೊಳಗೆ ಮೇಲ್‌ನಲ್ಲಿ ಖಾತ್ರಿ ಮಾಡುತ್ತೇನೆ" ಎಂದು ಫೋನ್ ಇಟ್ಟು ನನ್ನ ಬಳಿ ಬಂದ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಘಳಿಗೆ ಅದು. ಸಮಯ ಗೊತ್ತುಮಾಡುವ ಹೊತ್ತಿನಲ್ಲಿ ನೇಮಕಾತಿಯವರಿಗೆ ನಿಮ್ಮಿಂದ ಒಂದು ಉತ್ತರ ಬೇಕಾಗಿರುತ್ತದೆ. ಪ್ಯಾನೆಲ್‌ನ ಇಬ್ಬರು ಎಂಜಿನಿಯರ್‌ಗಳ ಕ್ಯಾಲೆಂಡರ್ ಜೋಡಿಸುವುದು ಈ ಕೆಲಸದ ಅತಿ ಬೇಸರದ ಭಾಗ, ಅದು ಖಾತ್ರಿಯಾದರೆ ಅವರಿಗೆ ನಿರಾಳ. ಆ ಖಾತ್ರಿಯ ಜೊತೆಗೇ ನಿಮ್ಮ ಪ್ರಶ್ನೆ ಹೋದರೆ ಅದನ್ನು ಓದುತ್ತಾರೆ.

ಮೇಲ್‌ನಲ್ಲಿ ಏನು ಬರೆಯಬೇಕು ಎಂಬಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಬಂತು. ಅವನ ಗೆಳೆಯರು ಹೇಳಿಕೊಟ್ಟಿದ್ದರು: ಕೈಯಲ್ಲಿ ಇನ್ನೊಂದು ಆಫರ್ ಇದೆ, ಬೇಗ ಹೇಳಿ ಎಂದು ಬರೆ. ಆಫರ್ ಇರಲಿಲ್ಲ. ನಾನು ಖಡಾಖಂಡಿತವಾಗಿ ಬೇಡ ಎಂದೆ. ಆಫರ್ ಇದೆ ಎಂದೊಡನೆ ನೇಮಕಾತಿಯವರ ಮುಂದಿನ ಮಾತು ಎಷ್ಟಕ್ಕೆ, ಯಾವ ಹುದ್ದೆ, ಪತ್ರ ಕಳಿಸಿ ಎಂದಾಗಿರುತ್ತದೆ. ಮೊದಲ ಸುಳ್ಳನ್ನು ಉಳಿಸಲು ಎರಡನೆಯದು ಬೇಕಾಗುತ್ತದೆ. ಅವನ ಬಳಿ ನಿಜವಾದ ಕಾರಣವೇ ಇತ್ತಲ್ಲ: ಆಫೀಸಿನಲ್ಲಿ ರಜೆ ಹೇಳಬೇಕು, ತಯಾರಿಗೆ ಸಮಯ ಬೇಕು. ಅಷ್ಟು ಸಾಕು.

ಇಂಗ್ಲಿಷಿನಲ್ಲಿ ಕಳಿಸಿದ ಆ ಮೇಲ್ ಕನ್ನಡದಲ್ಲಿ ಹೀಗಿರುತ್ತಿತ್ತು:

"ಗುರುವಾರ ಸಂಜೆ 5 ಗಂಟೆ ನನಗೆ ಸರಿಹೊಂದುತ್ತದೆ. ರಜೆ ಹೊಂದಿಸಿಕೊಂಡು ತಯಾರಾಗಲು ಎರಡು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ಗುರುವಾರದ್ದೂ ಸೇರಿ, ಆಫರ್ ಬಗ್ಗೆ ನಿರ್ಧಾರವಾಗುವವರೆಗೆ ಯಾವ ಯಾವ ಮಾತುಕತೆಗಳು ಉಳಿದಿವೆ, ಒಂದೊಂದೂ ಎಷ್ಟು ಹೊತ್ತು, ಯಾರ ಜೊತೆ? ಒಂದೊಂದರಲ್ಲೂ ಮುಖ್ಯವಾಗಿ ಯಾವುದನ್ನು ನೋಡುತ್ತಾರೆ: ಕೋಡಿಂಗ್, ಡಿಸೈನ್, ಅಥವಾ ಈವರೆಗೆ ಮಾಡಿದ ಕೆಲಸ? ಗುರುವಾರ ಕೋಡ್ ಬರೆದು ಓಡಿಸಿ ತೋರಿಸಬೇಕಿದ್ದರೆ ಎಲ್ಲಿ ಬರೆಯಬೇಕೆಂದೂ ತಿಳಿಸಿ. ಪ್ರಶ್ನೆಗಳು ಬೇಕಿಲ್ಲ, ಹಂತದ ಸ್ವರೂಪ ಸಾಕು. ಮುಂದೆ ಬದಲಾಗಬಹುದು ಎಂಬುದು ಗೊತ್ತಿದೆ, ಈಗಿನ ಯೋಜನೆ ತಿಳಿಸಿದರೆ ಸಾಕು."

"ರೌಂಡ್" ಎಂಬ ಪದವನ್ನು ನಾವು ಬೇಕೆಂದೇ ಬಿಟ್ಟೆವು. "ನಿರ್ಧಾರವಾಗುವವರೆಗೆ ಯಾವ ಯಾವ ಮಾತುಕತೆಗಳು" ಎಂದರೆ ಚಾಟ್, ಕಾಲ್, ಡಿಸ್ಕಷನ್ ಯಾವುದೂ ಎಣಿಕೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಕೊನೆಯ ಎರಡು ವಾಕ್ಯ ಆಕೆಯ ಭಯಕ್ಕೆ ಬರೆದವು. ಪ್ರಶ್ನೆ ಕದಿಯಲು ಬಂದಿಲ್ಲ, ನಾಳೆ ಬದಲಾದರೆ ಜಗಳಕ್ಕೂ ಬರುವುದಿಲ್ಲ ಎಂದು ಮೊದಲೇ ಹೇಳಿದಂತೆ. ಇಷ್ಟಾದ ಮೇಲೆ "2-3" ಎಂದು ಬಚ್ಚಿಟ್ಟುಕೊಳ್ಳುವ ಅಗತ್ಯ ಉಳಿಯುವುದಿಲ್ಲ.

ಒಂದೂವರೆ ದಿನದ ಮೇಲೆ ಉತ್ತರ ಬಂತು. ಗುರುವಾರದ್ದು 60 ನಿಮಿಷ, ಇಬ್ಬರು ಎಂಜಿನಿಯರ್‌ಗಳು, ಈಗಾಗಲೇ ಇರುವ ಒಂದು ಸಣ್ಣ ಪ್ರಾಜೆಕ್ಟಿಗೆ ಹೊಸದೊಂದು ಸೌಲಭ್ಯ ಸೇರಿಸಬೇಕು, ಅಭ್ಯರ್ಥಿಯ ಲ್ಯಾಪ್‌ಟಾಪ್‌ನಲ್ಲೇ, ಸ್ಕ್ರೀನ್ ಹಂಚಿಕೊಂಡು. ನಂತರ ತಂಡದ ಮ್ಯಾನೇಜರ್ ಜೊತೆ 60 ನಿಮಿಷ, ಹಿಂದೆ ಮಾಡಿದ ಒಂದು ಕೆಲಸದ ಬಗ್ಗೆ ಆಳವಾಗಿ. ಆಮೇಲೆ ಎಚ್‌ಆರ್. ಕೊನೆಯಲ್ಲಿ ಒಂದು ಸಾಲು: ಲೆವೆಲ್ ನೋಡಿಕೊಂಡು ಡೈರೆಕ್ಟರ್ ಜೊತೆ ಒಂದು ಹೆಚ್ಚಿನ ಮಾತುಕತೆ ಇರಬಹುದು.

ತಮ್ಮ ಮೊದಲ ಮೂರನ್ನು ಓದಿ ಖುಷಿಪಟ್ಟ. ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. "ಇರಬಹುದು" ಎನ್ನುವ ಹಂತದ ಹಿಂದೆ ಯಾವಾಗಲೂ ಒಂದು ಷರತ್ತು ಇರುತ್ತದೆ. ಪ್ಯಾನೆಲ್‌ನಲ್ಲಿ ಒಮ್ಮತವಾಗದಿದ್ದರೆ ನಡೆಯುತ್ತದೆಯೇ? ಸಂಬಳ ಒಂದು ಮಟ್ಟ ದಾಟಿದರೆ? ಹುದ್ದೆ ಹಿರಿಯದಾದರೆ? ಷರತ್ತು ಗೊತ್ತಾದರೆ ಆ ಹಂತ ಬಂದಾಗ ಅದು ಏನು ಕೇಳಲು ಬಂದಿದೆ ಎಂಬುದೂ ಗೊತ್ತಾಗುತ್ತದೆ. ಇದನ್ನು ಮೇಲ್‌ನಲ್ಲಿ ಕೇಳಬೇಡ, ಗುರುವಾರದ ಸಮಯ ನೆನಪಿಸಲು ಆಕೆ ಫೋನ್ ಮಾಡಿದಾಗ ಕೇಳು ಎಂದೆ. ಷರತ್ತಿನ ವಿಷಯವನ್ನು ಜನ ಬರೆದು ಕೊಡಲು ಹಿಂಜರಿಯುತ್ತಾರೆ, ಮಾತಿನಲ್ಲಿ ಹೇಳುತ್ತಾರೆ.

ಅವನು ಕೇಳಿದ. ಆಕೆ ನೇರವಾಗಿಯೇ ಹೇಳಿದರು. ಹುದ್ದೆ ಇರುವುದು ಸೀನಿಯರ್ ಎಂಜಿನಿಯರ್‌ಗೆ. ಅಭ್ಯರ್ಥಿ ಕೆಲಸಕ್ಕೆ ಸೈ, ಆದರೆ ಸೀನಿಯರ್ ಹೌದೋ ಒಂದು ಮೆಟ್ಟಿಲು ಕೆಳಗೋ ಎಂದು ಪ್ಯಾನೆಲ್‌ಗೆ ಅನುಮಾನ ಬಂದರೆ ಡೈರೆಕ್ಟರ್ ಮಾತಾಡಿ ತೀರ್ಮಾನಿಸುತ್ತಾರೆ.

ತಯಾರಿ ಬದಲಾದದ್ದು

ಅಲ್ಲಿಯವರೆಗೆ ಅವನ ಯೋಜನೆ ದಿನಕ್ಕೆ ಐದರಂತೆ ಕೋಡಿಂಗ್ ಒಗಟು ಬಿಡಿಸುವುದಾಗಿತ್ತು. ಗುರುವಾರದ ರೌಂಡ್‌ಗೆ ಅದರಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಬೇರೆಯವರು ಬರೆದ ಕೋಡನ್ನು ಬೇಗ ಓದಿ, ಎಲ್ಲಿ ಕೈ ಹಾಕಬೇಕೆಂದು ಕಂಡುಹಿಡಿದು, ಉಳಿದದ್ದು ಮುರಿಯದಂತೆ ಹೊಸದನ್ನು ಸೇರಿಸುವುದು ಬೇರೆಯೇ ಅಭ್ಯಾಸ. ನಾಲ್ಕು ಸಂಜೆ ಅವನು ಸಣ್ಣ ಓಪನ್ ಸೋರ್ಸ್ ಜಾವಾ ಪ್ರಾಜೆಕ್ಟ್‌ಗಳನ್ನು ಇಳಿಸಿಕೊಂಡು, ಗಡಿಯಾರ ಇಟ್ಟು, ಒಂದು ಗಂಟೆಯಲ್ಲಿ ಒಂದು ಸೌಲಭ್ಯ ಸೇರಿಸುವುದನ್ನು ಮಾಡಿದ. ಮೊದಲ ಸಂಜೆ ಪ್ರಾಜೆಕ್ಟನ್ನು ಓಡುವಂತೆ ಮಾಡುವುದಕ್ಕೇ 35 ನಿಮಿಷ ಹೋಯಿತು. ನಾಲ್ಕನೆಯ ಸಂಜೆ ಮೊದಲು ಇರುವ ಟೆಸ್ಟ್‌ಗಳನ್ನು ಓಡಿಸಿ, ನಂತರ ಹೊಸ ಟೆಸ್ಟ್ ಬರೆದು, ಆಮೇಲೆ ಕೋಡಿಗೆ ಕೈ ಹಾಕುವ ಕ್ರಮ ಕೂತಿತ್ತು.

"ಅಭ್ಯರ್ಥಿಯ ಲ್ಯಾಪ್‌ಟಾಪ್" ಎಂಬ ಎರಡು ಪದ ಇನ್ನೊಂದು ತೊಂದರೆ ತಪ್ಪಿಸಿತು. ಅವನ ಬಳಿ ಇದ್ದದ್ದು ಆಫೀಸಿನ ಲ್ಯಾಪ್‌ಟಾಪ್ ಒಂದೇ. ಅದರಲ್ಲಿ ಹೊರಗಿನದೇನನ್ನೂ ಇಳಿಸಲು ಬರುವುದಿಲ್ಲ, ಬಂದರೂ ಬೇರೆ ಕಂಪನಿಯ ಸಂದರ್ಶನಕ್ಕೆ ಅದನ್ನು ಬಳಸುವುದು ಸರಿಯಲ್ಲ. ಜೊತೆಗಿದ್ದ ಗೆಳೆಯನ ಲ್ಯಾಪ್‌ಟಾಪ್ ಪಡೆದು ಎರಡು ದಿನ ಮುಂಚೆಯೇ ಜಾವಾ, ಎಡಿಟರ್ ಎಲ್ಲ ಹಾಕಿ ಇಟ್ಟುಕೊಂಡ. ಕೇಳದೆ ಹೋಗಿದ್ದರೆ ಇದು ಗೊತ್ತಾಗುತ್ತಿದ್ದುದು ಗುರುವಾರ ಸಂಜೆ ಐದು ಗಂಟೆ ಎರಡು ನಿಮಿಷಕ್ಕೆ.

ಮ್ಯಾನೇಜರ್ ರೌಂಡ್‌ನ ತಯಾರಿಯೇ ಕಷ್ಟದ್ದಾಗಿತ್ತು, ಅದಕ್ಕೆ ನಾವು ಎರಡು ಭಾನುವಾರ ಕೊಟ್ಟೆವು. ಷರತ್ತು ಗೊತ್ತಾಗಿತ್ತಲ್ಲ: ಅಲ್ಲಿ ತೂಗುವುದು ಅವನು ಸೀನಿಯರ್ ಹೌದೋ ಅಲ್ಲವೋ ಎಂದು. ಹೇಳಲು ಒಳ್ಳೆಯ ಕೆಲಸವೂ ಅವನ ಬಳಿ ಇತ್ತು. ರಾತ್ರಿ ಪಾವತಿಗಳ ತಾಳೆ ನೋಡುವ ಒಂದು ಪ್ರೋಗ್ರಾಂ ನಾಲ್ಕು ಗಂಟೆ ಓಡುತ್ತಿತ್ತು, ಅದನ್ನು 50 ನಿಮಿಷಕ್ಕೆ ಇಳಿಸಿದ್ದ. ಒಂದೊಂದು ದಾಖಲೆಗೂ ಡೇಟಾಬೇಸ್‌ಗೆ ಬೇರೆ ಬೇರೆ ಹೋಗಿ ಬರುತ್ತಿದ್ದುದನ್ನು ಕಂಡುಹಿಡಿದು, ಐನೂರರ ಗುಂಪು ಮಾಡಿ ಒಟ್ಟಿಗೆ ತರುವಂತೆ ಮಾಡಿದ್ದ. ನಡುವೆ ನಿಂತು ಮತ್ತೆ ಓಡಿಸಿದರೆ ಒಂದೇ ಪಾವತಿ ಎರಡು ಸಲ ದಾಖಲಾಗದಂತೆ ಗುರುತು ಹಾಕಿಟ್ಟಿದ್ದ.

ಆದರೆ ಹೇಳುವಾಗ ಎಲ್ಲವೂ "ನಾವು". ನಾವು ನೋಡಿದ್ವಿ, ನಾವು ತೀರ್ಮಾನ ಮಾಡಿದ್ವಿ, ನಾವು ಬದಲಿಸಿದ್ವಿ. ನಮ್ಮ ಕಡೆಯ ಮಕ್ಕಳಿಗೆ "ನಾನು" ಎನ್ನುವುದು ದೊಡ್ಡಸ್ತಿಕೆ ಅನ್ನಿಸುತ್ತದೆ, ಮನೆಯಲ್ಲಿ ಕಲಿತ ಮರ್ಯಾದೆ ಅದು. ನನಗೆ ಆ ಮರ್ಯಾದೆಯ ಮೇಲೆ ಪ್ರೀತಿಯಿದೆ. ಆದರೂ ಸಂದರ್ಶಕರ ಫಾರ್ಮ್‌ನಲ್ಲಿ "ಅಭ್ಯರ್ಥಿ ಸ್ವತಃ ತೆಗೆದುಕೊಂಡ ನಿರ್ಧಾರಗಳು" ಎಂಬ ಜಾಗ ಖಾಲಿ ಉಳಿದರೆ ಲೆವೆಲ್ ಕೆಳಗಿಳಿಯುತ್ತದೆ. ಒಂದೊಂದು "ನಾವು" ಬಂದಾಗಲೂ ನಿಲ್ಲಿಸಿ ಕೇಳಿದೆ: ಇದರಲ್ಲಿ ನೀನು ಮಾಡಿದ್ದು ಯಾವುದು? ತಂಡದವರು ಮಾಡಿದ್ದನ್ನು ಅವರ ಲೆಕ್ಕಕ್ಕೇ ಬಿಡು, ನಿನ್ನದನ್ನು ನಿನ್ನದೆಂದು ಹೇಳು. ಐನೂರೇ ಯಾಕೆ, ಸಾವಿರ ಯಾಕಲ್ಲ ಎಂದು ಕೇಳಿದಾಗ ಮೊದಲ ಸಲ ಅವನಿಂದ ಉತ್ತರ ಬರಲಿಲ್ಲ. ಹಳೆಯ ಟಿಪ್ಪಣಿ ತೆಗೆದು ನೋಡಿದಾಗ ನೆನಪಾಯಿತು: ಸಾವಿರಕ್ಕೆ ಮೆಮೊರಿ ಸಾಲದೆ ಎರಡು ರಾತ್ರಿ ನಿಂತುಹೋಗಿತ್ತು.

ಆಮೇಲೆ

ಗುರುವಾರ ಹೇಳಿದ ಹಾಗೆಯೇ ನಡೆಯಿತು. ಗೊತ್ತಿಲ್ಲದ ಪ್ರಾಜೆಕ್ಟ್, ಒಂದು ಸೌಲಭ್ಯ, ಇಬ್ಬರು ಎಂಜಿನಿಯರ್‌ಗಳು. ಹತ್ತು ನಿಮಿಷ ಉಳಿದಿರುವಾಗ ಮುಗಿಸಿದ. ಕೊನೆಯಲ್ಲಿ ಅವರಿಗೂ ಒಂದು ಪ್ರಶ್ನೆ ಹಾಕಿದ: ಮುಂದಿನ ಮಾತುಕತೆಯಲ್ಲಿ ಯಾವುದರ ಮೇಲೆ ಹೆಚ್ಚು ಒತ್ತು ಇರುತ್ತದೆ? ಫಲಿತಾಂಶ ಕೇಳಲಿಲ್ಲ, ಅದನ್ನು ಅಲ್ಲಿ ಯಾರೂ ಹೇಳುವುದಿಲ್ಲ, ಕೇಳಿದರೆ ಇಬ್ಬರಿಗೂ ಮುಜುಗರ. ಒಬ್ಬರು ಹೇಳಿದರು: ಗ್ರಾಹಕರು ಬಳಸುತ್ತಿರುವ ಸಿಸ್ಟಂನಲ್ಲಿ ಏನಾದರೂ ಕೆಟ್ಟಾಗ ನೀವು ಏನು ಮಾಡಿದಿರಿ ಎಂಬುದನ್ನು ಮ್ಯಾನೇಜರ್ ಖಂಡಿತ ಕೇಳುತ್ತಾರೆ. ಇದು ನೇಮಕಾತಿಯವರ ಮೇಲ್‌ನಲ್ಲಿ ಇರಲಿಲ್ಲ.

ಮ್ಯಾನೇಜರ್ ಅದನ್ನು ಕೇಳಿದರು. ಐನೂರು ಯಾಕೆ ಎಂದೂ ಕೇಳಿದರು. 60 ನಿಮಿಷದ ಮಾತು 75 ನಿಮಿಷಕ್ಕೆ ಹೋಯಿತು.

ನಂತರ ಆರು ದಿನ ಸದ್ದಿಲ್ಲ. ಏಳನೆಯ ದಿನ ಆಕೆಯ ಫೋನು: ಡೈರೆಕ್ಟರ್ ಜೊತೆ 30 ನಿಮಿಷ. ಫೆಬ್ರವರಿಯ ತಮ್ಮನಾಗಿದ್ದರೆ ಇದನ್ನು "ಇನ್ನೂ ಒಂದು" ಎಂದು ಬೇಸರಿಸಿಕೊಳ್ಳುತ್ತಿದ್ದ, ಇಲ್ಲವೇ ಫಾರ್ಮಾಲಿಟಿ ಎಂದು ಸುಮ್ಮನಾಗುತ್ತಿದ್ದ. ಈಗ ಒಂದೇ ಪ್ರಶ್ನೆ ಕೇಳಿದ: ಇದು ಲೆವೆಲ್ ವಿಷಯಕ್ಕೇ ಅಲ್ಲವೇ? ಹೌದು ಎಂದರು. ಕೆಲಸ ಸಿಗುತ್ತದೆ, ಎಷ್ಟರ ಮಟ್ಟದ್ದು ಎಂಬುದಷ್ಟೇ ಉಳಿದಿದೆ ಎಂದು ಇದರಿಂದ ಹೆಚ್ಚು ಕಡಿಮೆ ಸ್ಪಷ್ಟವಾಯಿತು.

ಡೈರೆಕ್ಟರ್ ಕೇಳಿದ್ದು ಬೇರೆ ತಂಡಗಳ ಜೊತೆ ನಡೆಸಿದ ಕೆಲಸದ ಬಗ್ಗೆ, ಕಿರಿಯರನ್ನು ಬೆಳೆಸಿದ ಬಗ್ಗೆ. ತಮ್ಮ ತನ್ನ ತಂಡದ ಆಚೆಗೆ ಹೆಚ್ಚು ಕೆಲಸ ಮಾಡಿರಲಿಲ್ಲ, ಇಲ್ಲದ್ದನ್ನು ಹೇಳಲೂ ಇಲ್ಲ. ಆಫರ್ ಬಂತು, ಸೀನಿಯರ್‌ಗಿಂತ ಒಂದು ಮೆಟ್ಟಿಲು ಕೆಳಗೆ, 14.5 ಲಕ್ಷಕ್ಕೆ. ಅವನು ಎಣಿಸಿದ್ದು 17. ಯಾಕೆ ಕೆಳಗೆ ಎಂದು ಕೇಳಿದಾಗ ಆಕೆ ಕಾರಣವನ್ನು ಮುಚ್ಚಿಡಲಿಲ್ಲ: ಕೋಡಿಂಗ್ ಮತ್ತು ಮ್ಯಾನೇಜರ್ ರೌಂಡ್ ಎರಡೂ ಚೆನ್ನಾಗಿವೆ, ತಂಡದ ಹೊರಗಿನ ಹೊಣೆ ಕಡಿಮೆ. ಯಾವ ಹಂತ ಯಾವುದನ್ನು ತೂಗುತ್ತದೆ ಎಂದು ಮೊದಲೇ ಮಾತಾಗಿದ್ದರಿಂದಲೇ ಕೊನೆಯ ಕಾರಣವೂ ಇಷ್ಟು ಸಲೀಸಾಗಿ ಬಂತು ಎಂದು ನನಗೆ ಅನ್ನಿಸುತ್ತದೆ. ಎರಡು ದಿನ ಯೋಚಿಸಿ ಒಪ್ಪಿಕೊಂಡ. ಏಪ್ರಿಲ್ ಮೊದಲ ವಾರ ರಾಜೀನಾಮೆ, ಜುಲೈಯಲ್ಲಿ ಬಾಣೇರ್. ವಾಕಡ್‌ನ ಮನೆಯ ಕರಾರನ್ನು ಮತ್ತೆ ಹನ್ನೊಂದು ತಿಂಗಳಿಗೆ ಬರೆಸಿದ.

ಬೇರೆಯವರಿಗೆ ಉಪಯೋಗಕ್ಕೆ ಬರುವುದು

ಬಾಣೇರ್‌ನಲ್ಲಿ ತಮ್ಮನಿಗೆ ಕೆಲಸ ಕೊಡಿಸಿದ್ದು ಅವನ ಕೆಲಸವೇ. ಅವನು ಕೇಳಿದ ಪ್ರಶ್ನೆ, ಆ ಕೆಲಸವನ್ನು ಸರಿಯಾದ ಜಾಗದಲ್ಲಿ ತೋರಿಸಲು ದಾರಿ ಬಿಟ್ಟುಕೊಟ್ಟಿತು. ಎರಡು ಕಂಪನಿಗಳ ನಡುವಿನ ವ್ಯತ್ಯಾಸದಲ್ಲಿ ಇನ್ನೊಂದನ್ನೂ ಗಮನಿಸಬೇಕು. ಬಾಣೇರ್‌ನಲ್ಲಿ ಉತ್ತರಿಸಿದವರು ಕಂಪನಿಯೊಳಗಿನವರು, ಹಂತಗಳ ಪಟ್ಟಿ ಅವರ ಮುಂದೆಯೇ ಇತ್ತು. ಕನ್ಸಲ್ಟೆನ್ಸಿಯವರಿಗೆ ಇದೇ ಮೇಲ್ ಕಳಿಸಿದರೆ ಉತ್ತರ ಬರದೆ ಇರಬಹುದು. ಆಗ "ಇದನ್ನು ಕಂಪನಿಯ ನೇಮಕಾತಿಯವರಿಗೆ ಕಳಿಸಿ ಕೇಳಿ ಹೇಳುತ್ತೀರಾ" ಎಂದು ಬೇಡಿಕೆಯನ್ನು ಬದಲಿಸಬೇಕು. ಅದನ್ನೂ ಮಾಡದವರು "ಫಾರ್ಮಾಲಿಟಿ" ಎಂದರೆ, ಅದನ್ನು ಪೂರ್ತಿ ಪರೀಕ್ಷೆ ಎಂದೇ ಹಿಡಿದು ಓದುವುದು ಕ್ಷೇಮ. 45 ನಿಮಿಷ, ಆರ್ಕಿಟೆಕ್ಟ್ ಎಂಬ ಎರಡು ಸುಳಿವಿನಿಂದಲೇ ಅದು ಡಿಸೈನ್ ಮಾತು ಎಂದು ಊಹಿಸಬಹುದಿತ್ತು. ಮಾಹಿತಿ ಸಿಗದಿದ್ದಾಗ ಎದುರು ಕೂರುವವರ ಹುದ್ದೆ ಮತ್ತು ನಿಗದಿಯಾದ ಸಮಯ ಇವೆರಡರಿಂದ ಅರ್ಧ ತಿಳಿಯುತ್ತದೆ.

ಶನಿವಾರದ ವಾಕ್-ಇನ್‌ಗಳಲ್ಲಿ ಈ ಮೇಲ್‌ಗೆ ಜಾಗವಿಲ್ಲ, ಎಲ್ಲ ಹಂತವೂ ಒಂದೇ ದಿನ ಮುಗಿಯುತ್ತದೆ. ಅಲ್ಲಿ ಟೋಕನ್ ಕೊಡುವವರ ಬಳಿ "ಇದಾದ ಮೇಲೆ ಯಾರ ಹತ್ತಿರ ಕಳಿಸುತ್ತೀರಿ" ಎಂದು ಒಂದು ಮಾತು ಕೇಳಿದರೆ ಅದೇ ದೊಡ್ಡದು.

ಕೇಳಿದರೆ ಕೆಟ್ಟ ಹೆಸರು ಬರುತ್ತದೆಯೇ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಒಂಬತ್ತು ವರ್ಷದಲ್ಲಿ ಹಂತಗಳ ಬಗ್ಗೆ ಕೇಳಿದ ಕಾರಣಕ್ಕೆ ನಾನು ಯಾರನ್ನೂ ಕೆಳಗಿಳಿಸಿಲ್ಲ. ಆದರೆ ನಾಲ್ಕನೆಯ ರೌಂಡ್ ಮುಗಿದ ಮೇಲೆ "ಇನ್ನೂ ಎಷ್ಟು ರೌಂಡ್ ತಗೋತೀರಿ" ಎಂದು ಸಿಟ್ಟಿನಲ್ಲಿ ಬಂದ ಮಾತು ಹಾಗೇ ಮ್ಯಾನೇಜರ್ ಕಿವಿಗೆ ಹೋದದ್ದನ್ನು ನೋಡಿದ್ದೇನೆ. ಪ್ರಶ್ನೆ ಅದೇ, ಬೇಸರ ತುಂಬಿಕೊಂಡ ಮೇಲೆ ಅದರ ಧ್ವನಿ ಬೇರೆ. ಎರಡನೆಯ ಹಂತದ ಹೊತ್ತಿಗೆ ಕೇಳಿದರೆ ಆ ಧ್ವನಿ ಬರುವುದೇ ಇಲ್ಲ.

ಒಂದು ಪ್ರಶ್ನೆಯನ್ನು ನಾವೂ ತಡವಾಗಿ ಕೇಳಿದೆವು. ಹುದ್ದೆ ಯಾವ ಲೆವೆಲ್‌ನದು, ಆ ಲೆವೆಲ್‌ಗೆ ಏನು ಬೇಕು ಎಂಬುದನ್ನು ಮೊದಲ ಫೋನಿನಲ್ಲೇ ಕೇಳಿದ್ದರೆ ತಂಡದ ಹೊರಗಿನ ಕೆಲಸ ತೂಗುತ್ತಾರೆ ಎಂದು ಮಾರ್ಚ್ ಆರಂಭಕ್ಕೇ ತಿಳಿಯುತ್ತಿತ್ತು. ಡೈರೆಕ್ಟರ್ ಮಾತುಕತೆ ಮುಗಿದ ಮೂರು ದಿನಕ್ಕೆ ತಮ್ಮನಿಗೆ ನೆನಪಾಯಿತು: ಹಿಂದಿನ ವರ್ಷ ಬ್ಯಾಂಕಿಂಗ್ ತಂಡದವರಿಗೆ ಅದೇ ತಾಳೆ ನೋಡುವ ಪ್ರೋಗ್ರಾಂ ಅಳವಡಿಸಿಕೊಟ್ಟಿದ್ದ, ಅವರ ಇಬ್ಬರು ಹೊಸ ಹುಡುಗರಿಗೆ ಎರಡು ವಾರ ಕೂತು ಕಲಿಸಿದ್ದ. ಅದು ಕೆಲಸವೆಂದೇ ಅವನಿಗೆ ಅನ್ನಿಸಿರಲಿಲ್ಲ. ರೆಸ್ಯೂಮೆಯಲ್ಲೂ ಇರಲಿಲ್ಲ, ಡೈರೆಕ್ಟರ್ ಮುಂದೆ ಬಾಯಿಗೂ ಬರಲಿಲ್ಲ.